ಟ್ಯೂಬ್‌ಲೈಟಿಗೆ ಬಂದದ್ದೆಲ್ಲ ಪತಂಗವೇ?

ಪ್ರಶ್ನೆ: ನಮ್ಮ ಮನೆ ಕಾರಟಗಿ ಹತ್ತಿರ, ಸುತ್ತ ಭತ್ತದ ಗದ್ದೆ. ಅಕ್ಟೋಬರ್‌ನಲ್ಲಿ ಒಂದಿನ ರಾತ್ರಿ ಟ್ಯೂಬ್‌ಲೈಟ್ ಪಕ್ಕದ ಗೋಡೆಗೆ ಒಂದು ಕಂದು ಹುಳ ಬಂದು ಕೂತಿತ್ತು. ರೆಕ್ಕೆ ಎರಡನ್ನೂ ಮೇಲೆತ್ತಿ ಜೋಡಿಸಿಕೊಂಡಿತ್ತು. ರೆಕ್ಕೆ ಮೇಲೆ ಕಣ್ಣಿನಂಥ ಚುಕ್ಕೆಗಳ ಸಾಲು ಇತ್ತು. ಹಿಡಿದರೆ ಬೆರಳಿಗೆ ಕಂದು ಪುಡಿ ಹತ್ತಿತು. ಮೀಸೆ ತುದಿ ದಪ್ಪ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ರಾತ್ರಿ ಬಂದಿದ್ದು, ಪುಡಿ ಬೇರೆ ಇದೆ, ಪತಂಗವೇ ಅಂತ ಅಮ್ಮ ಅಂತಾರೆ. ರೆಕ್ಕೆ ಜೋಡಿಸಿ ಕೂತಿದೆ, ಚಿಟ್ಟೆಯೇ ಅಂತ ಗೆಳೆಯ ಅಂತಾನೆ. ನಾನು ಬಿಎಸ್ಸಿ ಅಗ್ರಿ ಮೊದಲ ವರ್ಷ, ಕೀಟ ಸಂಗ್ರಹದ ಪೆಟ್ಟಿಗೆ ಮಾಡಬೇಕು. ಯಾವ ಕಡೆ ಇಡಲಿ? ಫೋಟೋ ಕಳಿಸಿದ್ದೇನೆ.

ಉತ್ತರ:

ಚಿಟ್ಟೆಯ ಕಡೆಗೇ ಇಡಿ. ಇದರ ಹೆಸರು ಈವ್ನಿಂಗ್ ಬ್ರೌನ್. ವೈಜ್ಞಾನಿಕ ಹೆಸರು ಮೆಲಾನಿಟಿಸ್ ಲೆಡಾ. ಗೆಳೆಯನ ಉತ್ತರ ಸರಿ, ಆದರೆ ಅವರು ಕೊಟ್ಟ ಕಾರಣ ಅಷ್ಟು ಗಟ್ಟಿಯಲ್ಲ. ಅಮ್ಮ ಹೇಳಿದ ಎರಡು ಕಾರಣ ಹೆಚ್ಚಿನವರು ಹೇಳುವಂಥವೇ. ಅವುಗಳಲ್ಲಿ ಒಂದು ಅರ್ಧ ನಿಜ, ಇನ್ನೊಂದಕ್ಕೆ ಇಲ್ಲಿ ಕೆಲಸವೇ ಇಲ್ಲ. ಮೀಸೆ, ಕೂರುವ ರೀತಿ, ರೆಕ್ಕೆಯ ಪುಡಿ, ಈ ಮೂರಕ್ಕೂ ಒಂದೇ ತೂಕ ಕೊಡಬಾರದು. ಹೊಸದಾಗಿ ಕಲಿಯುವವರು ತಪ್ಪುವುದು ಇಲ್ಲೇ. ನಿಮ್ಮ ಹುಳವನ್ನೇ ಎದುರಿಗಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು. ಚಿಟ್ಟೆ ಮತ್ತು ಪತಂಗ ಎರಡೂ ಒಂದೇ ಗಣ. ಅದಕ್ಕೆ ಲೆಪಿಡಾಪ್ಟೆರಾ ಅಂತ ಹೆಸರು. ಜಗತ್ತಿನಲ್ಲಿ ಈ ಗಣದ ಸುಮಾರು 1,60,000 ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಅದರಲ್ಲಿ ಚಿಟ್ಟೆಗಳು ಸುಮಾರು 18,000 ಮಾತ್ರ. ಉಳಿದವೆಲ್ಲ ಪತಂಗಗಳೇ. ಈ ದೊಡ್ಡ ಮರದಲ್ಲಿ ಚಿಟ್ಟೆ ಒಂದೇ ಒಂದು ಕೊಂಬೆ, ಹಾಗಾಗಿ ಅವುಗಳ ಲಕ್ಷಣ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪತಂಗ ಅಂದರೆ ಹತ್ತಾರು ಕೊಂಬೆಗಳು ಸೇರಿದ ಗುಂಪು. ಅಲ್ಲಿ ಗರಿ ಮೀಸೆಯವೂ ಇವೆ, ದಾರದ ಮೀಸೆಯವೂ ಇವೆ, ಹಗಲು ಹಾರುವವೂ ಇವೆ. ಅದಕ್ಕೇ "ಪತಂಗ ಅಂದರೆ ಹೀಗಿರಬೇಕು" ಅಂತ ಹುಡುಕಲು ಹೋದರೆ ದಾರಿ ತಪ್ಪುತ್ತದೆ. "ಇದು ಚಿಟ್ಟೆ ಹೌದೋ ಅಲ್ಲವೋ" ಅಂತ ಕೇಳಿದರೆ ಕೆಲಸ ಸಲೀಸು.

ಮೊದಲು ಮೀಸೆ

ಪುಸ್ತಕಗಳಲ್ಲಿ ಇದನ್ನು ಕುಡಿಮೀಸೆ ಅಂತಲೋ ಆಂಟೆನಾ ಅಂತಲೋ ಬರೆಯುತ್ತಾರೆ. ನಾನು ಮೀಸೆ ಅಂತಲೇ ಅನ್ನುತ್ತೇನೆ. ಚಿಟ್ಟೆಯ ಮೀಸೆ ತೆಳ್ಳಗೆ ಶುರುವಾಗಿ ತುದಿಯಲ್ಲಿ ದಪ್ಪವಾಗುತ್ತದೆ, ಮದ್ದು ಹಚ್ಚಿದ ಬೆಂಕಿಕಡ್ಡಿಯ ಹಾಗೆ. ಗದ್ದೆ ಬದುವಿನ ಹೂಗಳ ಮೇಲೆ ಕೂರುವ ಹಳದಿ ಚಿಟ್ಟೆಯನ್ನೋ ಎಕ್ಕದ ಗಿಡದ ಹತ್ತಿರ ಸುತ್ತುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯನ್ನೋ ಹತ್ತಿರದಿಂದ ನೋಡಿ. ಆ ತುದಿಯ ಗುಂಡು ಬರಿಗಣ್ಣಿಗೇ ಕಾಣುತ್ತದೆ.

ಪತಂಗದಲ್ಲಿ ಸಾಮಾನ್ಯವಾಗಿ ಆ ಗುಂಡು ಇರುವುದಿಲ್ಲ. ಕೆಲವಕ್ಕೆ ಮೀಸೆ ಬುಡದಿಂದ ತುದಿವರೆಗೆ ಸಪೂರ ದಾರದ ಥರ ಇರುತ್ತದೆ. ಭತ್ತದ ಎಲೆ ಸುರುಳಿ ಹುಳದ ಪತಂಗ, ಕಾಂಡ ಕೊರಕದ ಪತಂಗ, ತೊಗರಿಯ ಕಾಯಿಕೊರಕದ ಪತಂಗ, ನಿಮ್ಮ ದೀಪಕ್ಕೆ ಬರುವ ಬಹುತೇಕ ಎಲ್ಲವೂ ಈ ಥರದವೇ. ಇನ್ನು ಕೆಲವಕ್ಕೆ ನಡುವಿನ ಕಡ್ಡಿಯ ಎರಡೂ ಕಡೆ ಸಣ್ಣ ಸಣ್ಣ ಎಳೆಗಳಿದ್ದು ಗರಿಯ ಹಾಗೆ ಕಾಣುತ್ತದೆ. ರೇಷ್ಮೆ ಗೂಡಿನಿಂದ ಹೊರಬಂದ ಪತಂಗವನ್ನು ನೋಡಿದ್ದರೆ ಗೊತ್ತಿರುತ್ತದೆ. ಅದರಲ್ಲೂ ಗಂಡಿನ ಗರಿ ದೊಡ್ಡದು.

ಗಂಡಿಗೇ ಯಾಕೆ ದೊಡ್ಡ ಗರಿ ಅಂದರೆ, ಅದು ಹೆಣ್ಣಿನ ವಾಸನೆ ಹಿಡಿಯಬೇಕು. ರೇಷ್ಮೆ ಪತಂಗದ ಹೆಣ್ಣು ಬಿಡುವ ಆ ವಾಸನೆಯ ರಾಸಾಯನಿಕವನ್ನು 1959ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ತಂಡ ಗುರುತಿಸಿತು. ಕೀಟಗಳಲ್ಲಿ ಹೀಗೆ ಗುರುತಿಸಿದ ಮೊದಲ ಫೆರಮೋನ್ ಅದು. ಅದಕ್ಕಾಗಿ ಸುಮಾರು ಐದು ಲಕ್ಷ ಹೆಣ್ಣು ಪತಂಗಗಳನ್ನು ಬಳಸಬೇಕಾಯಿತು. ರಾಯಚೂರು ಕಡೆ ಹತ್ತಿ ಹೊಲದಲ್ಲಿ ಗುಲಾಬಿ ಕಾಯಿಕೊರಕಕ್ಕೆ ಕಟ್ಟುವ ಮೋಹಕ ಬಲೆಯೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಹೆಣ್ಣಿನ ವಾಸನೆ ಇಟ್ಟರೆ ಗಂಡು ಬಂದು ಬೀಳುತ್ತದೆ. ಬಲೆಯಲ್ಲಿ ಬಿದ್ದದ್ದನ್ನು ಒಂದು ಸಲ ಭೂತಗನ್ನಡಿಯಲ್ಲಿ ನೋಡಿ. ಅದರ ಮೀಸೆ ಕಣ್ಣಿಗೆ ಬರೀ ದಾರದಂತೆ ಕಾಣುತ್ತದೆ. ಅಂದರೆ ಗರಿ ಕಂಡರೆ ಅದು ಪತಂಗವೇ ಸರಿ. ಗರಿ ಕಾಣಲಿಲ್ಲ ಅಂತ ಚಿಟ್ಟೆ ಎಂದು ಬಿಡುವ ಹಾಗಿಲ್ಲ.

ಈಗ ನಿಮ್ಮ ಫೋಟೋಗೆ ಬರೋಣ. ತುದಿ ದಪ್ಪವೋ ಅಲ್ಲವೋ ಗೊತ್ತಾಗಲಿಲ್ಲ ಅಂದಿರಿ. ಅದು ನಿಮ್ಮ ಕಣ್ಣಿನ ದೋಷ ಅಲ್ಲ. ಈವ್ನಿಂಗ್ ಬ್ರೌನ್‌ನ ಮೀಸೆಗೆ ಹಳದಿ ಚಿಟ್ಟೆಯ ಹಾಗೆ ಎದ್ದು ಕಾಣುವ ಗುಂಡು ಇಲ್ಲ. ಅದು ತುದಿಯತ್ತ ಹೋಗುತ್ತ ಹೋಗುತ್ತ ನಿಧಾನವಾಗಿ ದಪ್ಪವಾಗುತ್ತದೆ, ಅಷ್ಟೇ. ಎಲ್ಲಿ ದಪ್ಪ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಈ ಗುಂಪಿನ ಕಂದು ಚಿಟ್ಟೆಗಳಲ್ಲಿ ಇದು ಮಾಮೂಲು. ಇದಕ್ಕೆ ಒಂದು ಉಪಾಯ ಇದೆ. ತುದಿಯನ್ನು ಮಾತ್ರ ದಿಟ್ಟಿಸಿ ನೋಡಬೇಡಿ. ಮೀಸೆಯ ನಡುಭಾಗ ಎಷ್ಟು ದಪ್ಪ ಇದೆ, ಕೊನೆಯ ಐದನೇ ಒಂದು ಭಾಗ ಎಷ್ಟು ದಪ್ಪ ಇದೆ ಅಂತ ಎರಡನ್ನೂ ಪಕ್ಕಪಕ್ಕ ಹೋಲಿಸಿ. ದಾರದ ಮೀಸೆಯ ಪತಂಗದಲ್ಲಿ ತುದಿ ನಡುವಿಗಿಂತ ಸಪೂರ ಇರುತ್ತದೆ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡ ಮೀಸೆ ಮಸುಕಾಗಿದೆ, ಬಲದ್ದು ಗೋಡೆಯ ಬಿಳಿ ಬಣ್ಣದ ಮೇಲೆ ಸ್ಪಷ್ಟ ಬಿದ್ದಿದೆ. ಅದರ ತುದಿ ನಡುವಿಗಿಂತ ದಪ್ಪ ಇದೆ. ಅಲ್ಲಿಗೆ ನನಗೆ ಅರ್ಧಕ್ಕಿಂತ ಜಾಸ್ತಿ ಉತ್ತರ ಸಿಕ್ಕಿತು.

ಇನ್ನೊಂದು ಗುರುತೂ ಅದೇ ಫೋಟೋದಲ್ಲಿದೆ, ನೀವು ಗಮನಿಸಿಲ್ಲ. ಅದು ಎಷ್ಟು ಕಾಲ ಮೇಲೆ ನಿಂತಿದೆ ಎಣಿಸಿ. ನಾಲ್ಕೇ ಕಾಣುತ್ತವೆ. ಕೀಟಕ್ಕೆ ಆರು ಕಾಲು ಅಲ್ವಾ? ನಿಂಫಾಲಿಡೆ ಅನ್ನುವ ಚಿಟ್ಟೆ ಕುಟುಂಬದಲ್ಲಿ ಮುಂದಿನ ಎರಡು ಕಾಲು ಗಿಡ್ಡವಾಗಿ ಎದೆಗೆ ಮಡಚಿಕೊಂಡಿರುತ್ತವೆ, ನಿಲ್ಲಲು ನಡೆಯಲು ಉಪಯೋಗಕ್ಕೆ ಬರುವುದಿಲ್ಲ. ಈವ್ನಿಂಗ್ ಬ್ರೌನ್ ಆ ಕುಟುಂಬದ್ದು. ಮೀಸೆ ಸರಿಯಾಗಿ ಕಾಣದ ಕಂದು ಚಿಟ್ಟೆಗಳಲ್ಲಿ ನಾನು ಕಾಲು ಎಣಿಸದೆ ಬಿಡುವುದಿಲ್ಲ.

ಮುಂದಿನ ಸಲ ಮೀಸೆಯ ಫೋಟೋ ತೆಗೆಯಲು ಹೀಗೆ ಮಾಡಿ. ಅಗಲ ಬಾಯಿಯ ಡಬ್ಬಿಯನ್ನು ಮೆಲ್ಲಗೆ ಹುಳದ ಮೇಲೆ ಕವುಚಿ, ಕೆಳಗೆ ಒಂದು ರಟ್ಟು ತೂರಿಸಿ. ಡಬ್ಬಿಯನ್ನು ಫ್ರಿಜ್‌ನ ಕೆಳಗಿನ ಖಾನೆಯಲ್ಲಿ ಹತ್ತು ನಿಮಿಷ ಇಡಿ. ಐಸ್ ಕಟ್ಟುವ ಖಾನೆಯಲ್ಲಿ ಬೇಡ. ಹೊರಗೆ ತೆಗೆದ ಮೇಲೆ ಒಂದೆರಡು ನಿಮಿಷ ಅದು ಅಲ್ಲಾಡದೆ ಕೂರುತ್ತದೆ. ಬಿಳಿ ಹಾಳೆ ಮೇಲಿಟ್ಟು ತಲೆಗೆ ಫೋಕಸ್ ಮಾಡಿ, ಮೇಲಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಆಮೇಲೆ ಬಿಟ್ಟುಬಿಡಿ, ಮೈ ಬಿಸಿಯಾದ ಕೂಡಲೇ ಹಾರಿಹೋಗುತ್ತದೆ.

ಮೀಸೆಯೂ ಮೋಸ ಮಾಡುವ ಎರಡು ಜಾಗ ನಿಮ್ಮ ಸುತ್ತಲೇ ಇವೆ. ಒಂದು ಹಾಕ್ ಮಾತ್ ಅನ್ನುವ ದೊಡ್ಡ ಪತಂಗಗಳು. ಕಣಗಲೆ ಗಿಡದ ಎಲೆ ತಿಂದು ಬೆಳೆಯುವ ಹಸಿರು ಪತಂಗ ಗೊತ್ತಿರಬಹುದು. ಇವುಗಳ ಮೀಸೆ ದಪ್ಪವಾಗಿಯೇ ಇರುತ್ತದೆ, ತುದಿಗೆ ಸಣ್ಣ ಕೊಕ್ಕೆಯೂ ಇರುತ್ತದೆ. ಆದರೆ ಇಲ್ಲಿ ದಪ್ಪ ಇರುವುದು ಉದ್ದಕ್ಕೂ. ತುದಿಗೆ ಬಂದಾಗ ಅದು ಚೂಪಾಗುತ್ತದೆ. ಇನ್ನೊಂದು ಜಾಗ ಸ್ಕಿಪ್ಪರ್ ಚಿಟ್ಟೆಗಳು. ಭತ್ತದ ಎಲೆ ಮಡಚಿ ಒಳಗೆ ಕೂತು ತಿನ್ನುವ ಹಸಿರು ಹುಳ, ಅದರಿಂದ ಬರುವ ಕಂದು ಬಣ್ಣದ ರೈಸ್ ಸ್ವಿಫ್ಟ್ ಈ ಗುಂಪಿನದು. ಮೈ ದಪ್ಪ, ತಲೆ ಅಗಲ, ಬಣ್ಣ ಮಂಕು. ಮೊದಲ ನೋಟಕ್ಕೆ ಯಾರಾದರೂ ಪತಂಗ ಅಂದೇ ಅನ್ನುತ್ತಾರೆ. ಭೂತಗನ್ನಡಿಯಲ್ಲಿ ಮೀಸೆ ನೋಡಿದರೆ ತುದಿಯಲ್ಲಿ ಗುಂಡು ಇದೆ, ಗುಂಡಿನ ಆಚೆಗೆ ಹಿಂದಕ್ಕೆ ಬಾಗಿದ ಚೂಪು ಕೊಕ್ಕೆಯೂ ಇದೆ. ಎರಡು ಮೀಸೆಯ ಬುಡಗಳ ನಡುವೆ ಜಾಗವೂ ಜಾಸ್ತಿ. ಇದು ಚಿಟ್ಟೆಯೇ.

ಕೂರುವ ರೀತಿ

ಗೆಳೆಯ ಹೇಳಿದ್ದು ಇದನ್ನೇ. ಚಿಟ್ಟೆ ವಿಶ್ರಮಿಸುವಾಗ ರೆಕ್ಕೆಗಳನ್ನು ಬೆನ್ನ ಮೇಲೆ ನೆಟ್ಟಗೆ ಜೋಡಿಸುತ್ತದೆ, ಪತಂಗ ರೆಕ್ಕೆಗಳನ್ನು ಮೈಮೇಲೆ ಇಳಿಜಾರಾಗಿಯೋ ಚಪ್ಪಟೆಯಾಗಿಯೋ ಹಾಸುತ್ತದೆ. ಸಾಮಾನ್ಯವಾಗಿ ಇದು ನಿಜ. ಆದರೆ ಮೀಸೆ ಮೈಯ ಭಾಗ, ಅದು ಬದಲಾಗುವುದಿಲ್ಲ. ಕೂರುವುದು ನಡವಳಿಕೆ. ಹೊತ್ತು, ಬಿಸಿಲು, ಗಾಬರಿ ಎಲ್ಲದಕ್ಕೂ ಅದು ಬದಲಾಗುತ್ತದೆ. ಅದಕ್ಕೇ ನಾನು ಇದಕ್ಕೆ ಎರಡನೇ ಜಾಗ ಕೊಡುತ್ತೇನೆ.

ಒಂದು ಗಿಡದಲ್ಲೇ ಇದನ್ನು ಪರೀಕ್ಷೆ ಮಾಡಬಹುದು. ಹೊಲದ ಬದುವಿನಲ್ಲಿ ಔಡಲ ಗಿಡ ಇದ್ದರೆ ಅಲ್ಲಿ ಹೋಗಿ ನಿಲ್ಲಿ. ಔಡಲದ ಎಲೆ ತಿಂದು ಬೆಳೆಯುವ ಒಂದು ಚಿಟ್ಟೆ ಇದೆ, ಒಂದು ಪತಂಗ ಇದೆ. ಎರಡೂ ಕಂದು. ಚಿಟ್ಟೆಯ ಹೆಸರು ಕಾಮನ್ ಕ್ಯಾಸ್ಟರ್. ಕೆಂಪು ಮಿಶ್ರಿತ ಕಂದು ರೆಕ್ಕೆ, ಅದರ ಮೇಲೆ ಅಲೆ ಅಲೆಯಾದ ಕಪ್ಪು ಗೆರೆಗಳು. ಬೆಳಗಿನ ಬಿಸಿಲಿಗೆ ಅದು ಎಲೆಯ ಮೇಲೆ ರೆಕ್ಕೆಯನ್ನು ಪೂರ್ತಿ ಹರಡಿ, ಎಲೆಗೆ ಅಂಟಿಸಿದ ಹಾಗೆ ಚಪ್ಪಟೆಯಾಗಿ ಕೂರುತ್ತದೆ. ಕೂರುವ ರೀತಿಯೊಂದನ್ನೇ ನೋಡಿದರೆ ಪತಂಗ ಎಂದೇ ಬರೆದುಕೊಳ್ಳುತ್ತೀರಿ. ಪತಂಗ ಅಂದರೆ ಔಡಲದ ಕೊಂಡಲಿ ಹುಳದಿಂದ ಬರುವ ಅಕಿಯಾ ಜನಾಟಾ. ಅದು ಕೂತಾಗ ಮುಂದಿನ ರೆಕ್ಕೆಗಳು ಹಿಂದಿನವನ್ನು ಪೂರ್ತಿ ಮುಚ್ಚಿ ಮೈ ತ್ರಿಕೋನವಾಗಿ ಕಾಣುತ್ತದೆ. ಮೇಲೆ ಕಾಣುವುದು ಮಂಕು ಕಂದು ಬಣ್ಣ ಮಾತ್ರ. ಕೆಣಕಿದರೆ ಹಾರುವಾಗ ಹಿಂದಿನ ರೆಕ್ಕೆಯ ಕಪ್ಪು ಬಿಳುಪು ಪಟ್ಟೆ ಥಟ್ಟನೆ ಕಾಣುತ್ತದೆ.

ಎರಡರ ವ್ಯತ್ಯಾಸ ಈಗ ಗೊತ್ತಾಯಿತಲ್ಲ? ಹರಡಿದೆಯೋ ಇಲ್ಲವೋ ಅನ್ನುವುದಕ್ಕಿಂತ ಮುಂದಿನ ರೆಕ್ಕೆ ಹಿಂದಿನದನ್ನು ಮುಚ್ಚಿದೆಯೋ ಇಲ್ಲವೋ ಅನ್ನುವುದು ಒಳ್ಳೆ ಪ್ರಶ್ನೆ. ಬಿಸಿಲು ಕಾಯಿಸುವ ಚಿಟ್ಟೆಯಲ್ಲಿ ನಾಲ್ಕೂ ರೆಕ್ಕೆ ಬಿಚ್ಚಿಕೊಂಡು ಕಾಣುತ್ತವೆ. ಸ್ವಲ್ಪ ಕಾದರೆ, ಮೋಡ ಬಂದಾಗ ಅಥವಾ ಸಂಜೆಯಾದಾಗ ಅದೇ ಚಿಟ್ಟೆ ರೆಕ್ಕೆ ಮೇಲಕ್ಕೆ ಜೋಡಿಸುತ್ತದೆ. ಹಾಗಾಗಿ ಕೂರುವ ರೀತಿ ಬರೆದುಕೊಳ್ಳುವಾಗ ಹೊತ್ತನ್ನೂ ಬಿಸಿಲನ್ನೂ ಬರೆದುಕೊಳ್ಳಿ. ನಾಲ್ಕೂ ರೆಕ್ಕೆ ತೋರಿಸಿ ಗೋಡೆಗೆ ಅಂಟಿಕೊಳ್ಳುವ ಪತಂಗಗಳೂ ಇವೆ ಅನ್ನುವುದು ನೆನಪಿರಲಿ. ಆಗ ಮತ್ತೆ ಮೀಸೆಗೇ ಹೋಗಬೇಕು.

ಸ್ಕಿಪ್ಪರ್‌ಗಳದು ಇನ್ನೊಂದು ಥರ. ರೈಸ್ ಸ್ವಿಫ್ಟ್ ಬಿಸಿಲಿಗೆ ಕೂತಾಗ ಹಿಂದಿನ ರೆಕ್ಕೆ ಚಪ್ಪಟೆ ಹರಡಿ, ಮುಂದಿನ ರೆಕ್ಕೆ ಅರ್ಧ ಎತ್ತಿ ಓರೆಯಾಗಿ ಹಿಡಿದಿರುತ್ತದೆ. ಪತಂಗಗಳಲ್ಲಿ ಈ ಭಂಗಿ ಕಾಣಸಿಗುವುದು ಅಪರೂಪ, ಒಮ್ಮೆ ಕಣ್ಣಿಗೆ ಕೂತರೆ ಮರೆಯುವುದಿಲ್ಲ. ಸ್ಕಿಪ್ಪರ್‌ಗಳಲ್ಲೇ ಫ್ಲ್ಯಾಟ್ ಅನ್ನುವ ಗುಂಪು ಬೇರೆ ಇದೆ. ಅವು ಯಾವಾಗಲೂ ರೆಕ್ಕೆ ಹರಡಿಯೇ ಕೂರುತ್ತವೆ.

ಪತಂಗದ ಕಡೆಯಿಂದ ಬರುವ ಮೋಸವನ್ನೂ ಹೇಳಿಬಿಡುತ್ತೇನೆ. ಜಿಯೊಮೆಟ್ರಿಡೆ ಕುಟುಂಬದ ಕೆಲವು ಪತಂಗಗಳು, ಅಂದರೆ ಗೇಣು ಹಾಕಿ ನಡೆಯುವ ಕೊಂಡಲಿ ಹುಳಗಳಿಂದ ಬರುವಂಥವು, ಚಿಟ್ಟೆಯ ಹಾಗೆಯೇ ರೆಕ್ಕೆ ಮೇಲೆತ್ತಿ ಜೋಡಿಸುತ್ತವೆ. ಕೋಶದಿಂದ ಆಗಷ್ಟೇ ಹೊರಬಂದ ಪತಂಗವೂ ರೆಕ್ಕೆ ಒಣಗುವ ತನಕ ಅವನ್ನು ಬೆನ್ನ ಮೇಲೆ ನೆಟ್ಟಗೆ ಹಿಡಿದಿರುವುದುಂಟು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಳ ಸಾಕಿದವರು ಈ ಹೊತ್ತಿನಲ್ಲಿ ನೋಡಿ ಗೊಂದಲಕ್ಕೆ ಬೀಳುತ್ತಾರೆ. ಮಾರನೇ ದಿನ ನೋಡಿದರೆ ಅದೇ ಪತಂಗ ರೆಕ್ಕೆ ಇಳಿಸಿ ಕೂತಿರುತ್ತದೆ. ದೀಪಕ್ಕೆ ಬಂದು ಪಟಪಟ ಬಡಿಯುತ್ತಿರುವಾಗಲೂ ತೀರ್ಮಾನ ಮಾಡಬೇಡಿ. ಪೂರ್ತಿ ನೆಲೆಯಾಗಿ ಕೂರುವ ತನಕ ಕಾಯಿರಿ.

ನಿಮ್ಮ ಈವ್ನಿಂಗ್ ಬ್ರೌನ್ ಮಾತ್ರ ಈ ವಿಷಯದಲ್ಲಿ ನಂಬಿಕಸ್ಥ. ಹಗಲೆಲ್ಲ ತರಗೆಲೆಯ ನಡುವೆ, ಗೋಡೆ ಮೂಲೆಯಲ್ಲಿ ರೆಕ್ಕೆ ಮುಚ್ಚಿಯೇ ಇರುತ್ತದೆ. ಎಷ್ಟೋ ಸಲ ಒಂದು ಕಡೆಗೆ ವಾಲಿಕೊಂಡು ಬಿದ್ದ ಎಲೆಯ ಹಾಗೆ ಕಾಣುತ್ತದೆ. ಮುಂದಿನ ರೆಕ್ಕೆಯನ್ನು ಹಿಂದಿನ ರೆಕ್ಕೆಗಳ ನಡುವೆ ಇಳಿಸಿಕೊಂಡಿರುವುದರಿಂದ ಅದರ ಮೇಲ್ತುದಿ ಮಾತ್ರ ಹೊರಗೆ ಕಾಣುತ್ತದೆ. ನಿಮಗೆ ಕಂಡ ಕಣ್ಚುಕ್ಕೆ ಸಾಲು ಮಳೆಗಾಲದ ವೇಷ. ಬೇಸಿಗೆಯಲ್ಲಿ ಹುಟ್ಟಿದ್ದಕ್ಕೆ ಆ ಕಣ್ಣುಗಳು ಬರೀ ಚುಕ್ಕೆಯಷ್ಟಾಗಿ, ರೆಕ್ಕೆಯ ತುದಿ ಇನ್ನೂ ಚೂಪಾಗಿ, ಬಣ್ಣ ಪೂರ್ತಿ ಒಣ ಎಲೆಯದಾಗಿರುತ್ತದೆ. ಏಪ್ರಿಲ್‌ನಲ್ಲಿ ಇನ್ನೊಂದು ಸಿಕ್ಕಿದರೆ ಬೇರೆ ಜಾತಿ ಅಂತ ಪೆಟ್ಟಿಗೆಯಲ್ಲಿ ಎರಡು ಹೆಸರು ಹಾಕಬೇಡಿ.

ರಾತ್ರಿ ಯಾಕೆ ಬಂತು ಅನ್ನುವುದು ಅಮ್ಮನ ಪ್ರಶ್ನೆ. ಈ ಚಿಟ್ಟೆ ಹಾರುವುದೇ ಮುಸ್ಸಂಜೆಯಲ್ಲಿ ಮತ್ತು ನಸುಕಿನಲ್ಲಿ. ದೀಪಕ್ಕೂ ಬರುತ್ತದೆ. ಅದರ ಮರಿಹುಳ ಹುಲ್ಲಿನ ಜಾತಿಯ ಗಿಡ ತಿನ್ನುತ್ತದೆ, ಭತ್ತವೂ ಅದರಲ್ಲಿ ಒಂದು. ಹಸಿರು ಮೈ, ತಲೆ ಮೇಲೆ ಎರಡು ಪುಟ್ಟ ಕೊಂಬು. ತುಂಗಭದ್ರಾ ಕಾಲುವೆ ನೀರಿನ ಕಾರಟಗಿ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆ ಬಯಲಲ್ಲಿ ಅದಕ್ಕೆ ಊಟಕ್ಕೇನೂ ಕೊರತೆಯಿಲ್ಲ. ದೊಡ್ಡದಾದ ಮೇಲೆ ಅದಕ್ಕೆ ಹೂವಿಗಿಂತ ಕೊಳೆತ ಹಣ್ಣು ಇಷ್ಟ. ಹಿತ್ತಲಲ್ಲಿ ಮಾಗಿ ಕೊಳೆತ ಬಾಳೆಹಣ್ಣು ಇಟ್ಟು ಕತ್ತಲಾಗುವ ಹೊತ್ತಿಗೆ ನೋಡಿ. ಅಮ್ಮನಿಗೂ ತೋರಿಸಬಹುದು.

ಬೆರಳಿಗೆ ಹತ್ತಿದ ಪುಡಿ

ಪುಡಿ ಇದ್ದರೆ ಪತಂಗ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಚಿಟ್ಟೆಗೂ ಪತಂಗಕ್ಕೂ ಪುಡಿ ಇದ್ದೇ ಇರುತ್ತದೆ. ಅದು ಪುಡಿಯೂ ಅಲ್ಲ, ಸಣ್ಣ ಸಣ್ಣ ಹುರುಪೆಗಳು. ಕೀಟದ ಮೈಮೇಲಿನ ಕೂದಲೇ ಚಪ್ಪಟೆಯಾಗಿ ಹುರುಪೆಯಾಗಿದೆ. ಒಂದೊಂದರ ಬುಡದಲ್ಲೂ ಸಣ್ಣ ತೊಟ್ಟು ಇದೆ, ಅದು ರೆಕ್ಕೆಯ ಪೊರೆಯಲ್ಲಿರುವ ಗುಳಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಿಡಿತ ಸಡಿಲ. ತಾಗಿದರೆ ಬಿಡಿಸಿಕೊಳ್ಳುತ್ತದೆ. ಜೇಡನ ಬಲೆಗೆ ಬಿದ್ದಾಗ ಬಲೆಗೆ ಅಂಟುವುದು ಹುರುಪೆ, ರೆಕ್ಕೆಯಲ್ಲ. ಹುರುಪೆ ಬಿಟ್ಟುಕೊಟ್ಟು ಹುಳ ಜಾರಿಕೊಂಡು ಹೋಗಬಹುದು. ಉದುರಿದ ಹುರುಪೆ ಮತ್ತೆ ಹುಟ್ಟುವುದಿಲ್ಲ. ಹಾಗಾಗಿ ಹಳೆಯ ಚಿಟ್ಟೆಯ ಬಣ್ಣ ಮಾಸಿರುತ್ತದೆ.

ಒಂದು ಕೆಲಸ ಮಾಡಿ, ಬಹಳ ಚೆನ್ನಾಗಿರುತ್ತದೆ. ಸತ್ತು ಬಿದ್ದ ಈವ್ನಿಂಗ್ ಬ್ರೌನ್ ಸಿಕ್ಕಿದರೆ ಕಣ್ಚುಕ್ಕೆಯ ಮೇಲೆ ಒಂದು ತುಂಡು ಸೆಲೋಟೇಪ್ ಮೆಲ್ಲಗೆ ಒತ್ತಿ ಎತ್ತಿ. ಟೇಪನ್ನು ಗಾಜಿನ ಸ್ಲೈಡಿಗೆ ಅಂಟಿಸಿ ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಕಡಿಮೆ ಹಿಗ್ಗಿಸುವ ಮಸೂರದಲ್ಲಿ ನೋಡಿ. ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಬರೀ ಕಾಳು ಕಾಳಾಗಿ ಕಾಣುತ್ತದೆ, ಯಾಕೆಂದರೆ ಒಂದು ಹುರುಪೆಯ ಉದ್ದ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಸೂಕ್ಷ್ಮದರ್ಶಕದಲ್ಲಿ ಸಾಲು ಸಾಲಾಗಿ, ಒಂದು ಇನ್ನೊಂದರ ಬುಡ ಮುಚ್ಚಿಕೊಂಡು ಇರುವುದು ಕಾಣುತ್ತದೆ. ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ದೂರದಿಂದ ಹಳದಿ ಉಂಗುರ, ಒಳಗೆ ಕಪ್ಪು, ನಡುವೆ ಬಿಳಿ ಚುಕ್ಕೆ ಅಂತ ಕಂಡ ಕಣ್ಣು ಇಲ್ಲಿ ಬಿಡಿಬಿಡಿಯಾಗುತ್ತದೆ. ಒಂದೊಂದು ಹುರುಪೆಗೂ ಒಂದೊಂದೇ ಬಣ್ಣ. ಕಪ್ಪು ಹುರುಪೆಯ ಪಕ್ಕ ಹಳದಿ ಹುರುಪೆ, ನಡುವೆ ಮಿಶ್ರ ಬಣ್ಣ ಅಂತ ಇಲ್ಲವೇ ಇಲ್ಲ.

ಇದೇ ಕೆಲಸವನ್ನು ಅಕಿಯಾ ಪತಂಗದ ರೆಕ್ಕೆಯ ಮೇಲೂ ಮಾಡಿ. ಅಲ್ಲಿಯೂ ಹುರುಪೆಯೇ. ಸ್ಲೈಡ್ ಮೇಲೆ ಹೆಸರು ಬರೆಯದೆ ಗೆಳೆಯನಿಗೆ ಕೊಟ್ಟರೆ ಯಾವುದು ಚಿಟ್ಟೆಯದು ಅಂತ ಅವರು ಹೇಳಲಾರರು, ನಾನೂ ಹೇಳಲಾರೆ. ರೆಕ್ಕೆಯ ಹುರುಪೆಯಿಂದ ಈ ಎರಡನ್ನು ಬೇರೆ ಮಾಡಲು ಹೊಸಬರಿಗೆ ಆಗುವುದಿಲ್ಲ ಅಂತ ನೇರವಾಗಿಯೇ ಹೇಳುತ್ತೇನೆ.

ಹಾಗಾದರೆ ಪುಸ್ತಕಗಳಲ್ಲಿ ಹುರುಪೆಯ ಮಾತು ಯಾಕೆ ಬರುತ್ತದೆ? ಮೈಮೇಲಿನ ಹೊದಿಕೆ ನೋಡಲು. ಪತಂಗದ ಎದೆಯ ಮೇಲೆ ಕೂದಲಿನಂಥ ಉದ್ದ ಹುರುಪೆ ದಟ್ಟವಾಗಿರುತ್ತದೆ, ಮೈ ದಪ್ಪ ಉಣ್ಣೆ ಹೊದ್ದಂತೆ ಕಾಣುತ್ತದೆ. ರಾತ್ರಿಯ ತಂಪಿನಲ್ಲಿ ಹಾರುವ ಸ್ನಾಯುಗಳು ಬಿಸಿಯಾಗಿರಲು ಅದು ಬೇಕು. ಬಾವಲಿ ಬಿಡುವ ಶಬ್ದವನ್ನು ಆ ಹೊದಿಕೆ ಸ್ವಲ್ಪ ಹೀರಿಕೊಂಡು, ಪತಂಗ ಅದರ ಕಿವಿಗೆ ಸುಲಭವಾಗಿ ಸಿಗದಂತೆ ಮಾಡುತ್ತದೆ ಅನ್ನುವುದೂ ಈಚೆಗೆ ಗೊತ್ತಾಗಿದೆ. ಚಿಟ್ಟೆಯ ಮೈ ಸಾಮಾನ್ಯವಾಗಿ ಸಪೂರ, ಹೊದಿಕೆ ಕಡಿಮೆ. ಆದರೆ ಸ್ಕಿಪ್ಪರ್‌ಗಳ ಮೈ ದಪ್ಪ, ರೋಮ ಜಾಸ್ತಿ. ಭತ್ತದ ಎಲೆ ಸುರುಳಿ ಪತಂಗದ ಮೈ ಸಪೂರ. ಅದಕ್ಕೇ ಇದು ಮೂರನೇ ಸಾಕ್ಷಿ ಮಾತ್ರ.

ಅಂದಹಾಗೆ, ಈ ಪುಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಅಂತ ಹೆದರಿಸುತ್ತಾರಲ್ಲ, ಹಾಗೇನಿಲ್ಲ. ಧೂಳು ಬಿದ್ದ ಹಾಗೆ ಉರಿಯಬಹುದು, ನೀರಿನಲ್ಲಿ ತೊಳೆದುಕೊಳ್ಳಿ.

ಮೀಸೆ ಮುರಿದಿದ್ದರೆ

ಬೀದಿ ದೀಪದ ಕೆಳಗೆ ಸತ್ತು ಬಿದ್ದದ್ದನ್ನು ಆರಿಸುವಾಗ ಮೀಸೆ ಮುರಿದಿರುವುದೇ ಜಾಸ್ತಿ. ಆಗ ರೆಕ್ಕೆಯ ಬುಡ ನೋಡಿ. ಹೆಚ್ಚಿನ ಪತಂಗಗಳಲ್ಲಿ ಹಿಂದಿನ ರೆಕ್ಕೆಯ ಬುಡದಿಂದ ಒಂದು ಗಡುಸಾದ ಕೂದಲು ಹೊರಟು ಮುಂದಿನ ರೆಕ್ಕೆಯ ಕೆಳಗಿನ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಹಾರುವಾಗ ಎರಡೂ ರೆಕ್ಕೆ ಒಟ್ಟಿಗೆ ಬಡಿಯಲು ಇದು ಬೇಕು. ಫ್ರೆನ್ಯುಲಮ್ ಅಂತ ಇದರ ಹೆಸರು. ಸತ್ತ ಪತಂಗವನ್ನು ಅಂಗಾತ ಹಾಕಿ, ಸೂಜಿಯಿಂದ ಮುಂದಿನ ರೆಕ್ಕೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಎರಡು ರೆಕ್ಕೆ ಸೇರುವಲ್ಲಿ ಭೂತಗನ್ನಡಿ ಹಿಡಿಯಿರಿ. ಗಂಡಾದರೆ ಒಂದೇ ದಪ್ಪ ಕೂದಲು ಇರುತ್ತದೆ. ಹೆಣ್ಣಾದರೆ ಸಾಮಾನ್ಯವಾಗಿ ತೆಳುವಾದ ಎರಡು ಮೂರು ಇರುತ್ತವೆ. ಅಕಿಯಾದಲ್ಲಿ ಇದನ್ನು ನೋಡಿ ಕಲಿಯುವುದು ಸುಲಭ, ಗಾತ್ರ ದೊಡ್ಡದು.

ಚಿಟ್ಟೆಗಳಲ್ಲಿ ಈ ಕೂದಲು ಇಲ್ಲ. ಅವುಗಳ ಹಿಂದಿನ ರೆಕ್ಕೆಯ ಭುಜ ಅಗಲವಾಗಿ ಮುಂದಿನ ರೆಕ್ಕೆಯ ಕೆಳಗೆ ಒತ್ತಿಕೊಂಡಿರುತ್ತದೆ, ಅಷ್ಟರಲ್ಲೇ ಕೆಲಸ ನಡೆಯುತ್ತದೆ. ಆಸ್ಟ್ರೇಲಿಯಾದ ಒಂದು ಸ್ಕಿಪ್ಪರ್‌ನ ಗಂಡಿನಂಥ ಅಪರೂಪದ ಅಪವಾದಗಳಿವೆ, ಕೊಪ್ಪಳದಲ್ಲಿ ಅವುಗಳ ಚಿಂತೆ ಬೇಡ. ಆದರೆ ತಿರುಗಿಸಿ ಹೇಳುವಾಗ ಹುಷಾರು. ಕೂದಲು ಇದ್ದರೆ ಪತಂಗ. ಇಲ್ಲದಿದ್ದರೆ ಚಿಟ್ಟೆ ಅಂತ ಹೇಳಲಾಗದು, ಯಾಕೆಂದರೆ ರೇಷ್ಮೆ ಪತಂಗ ಮತ್ತು ಅದರ ಹತ್ತಿರದ ನೆಂಟರಲ್ಲಿ ಈ ಕೂದಲು ತೀರಾ ಸಣ್ಣದಾಗಿರುತ್ತದೆ ಅಥವಾ ಇರುವುದೇ ಇಲ್ಲ. ಅದೃಷ್ಟಕ್ಕೆ ಅವುಗಳ ಮೀಸೆ ಗರಿಯದು, ಬುಡದ ತುಂಡು ಉಳಿದಿದ್ದರೂ ಗೊತ್ತಾಗುತ್ತದೆ.

ಪೆಟ್ಟಿಗೆಯ ಬಗ್ಗೆ ಎರಡು ಮಾತು. ಕೆಲವು ಚಿಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ಕೊಲ್ಲುವ ಮುಂಚೆ ನಿಮ್ಮ ಮೇಷ್ಟ್ರನ್ನು ಕೇಳಿ. ದೀಪದ ಕೆಳಗೆ, ರಸ್ತೆ ಬದಿಯಲ್ಲಿ ಸತ್ತು ಬಿದ್ದದ್ದೇ ಕಲಿಯಲು ಸಾಕಷ್ಟು ಸಿಗುತ್ತವೆ. ಒಣಗಿ ಗಟ್ಟಿಯಾಗಿದ್ದರೆ ಹಾಗೇ ರೆಕ್ಕೆ ಬಿಡಿಸಬೇಡಿ, ಮೀಸೆ ಪುಡಿಯಾಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಒದ್ದೆ ಹತ್ತಿ ಹಾಕಿ, ಅದರ ಮೇಲೆ ಸಣ್ಣ ತಟ್ಟೆಯಿಟ್ಟು ಹುಳವನ್ನು ಒಂದು ದಿನ ಇಡಿ. ನೀರು ನೇರವಾಗಿ ತಾಗಬಾರದು. ಮೆತ್ತಗಾದ ಮೇಲೆ ಎದೆಯ ನಡುವೆ ಪಿನ್ ಚುಚ್ಚಿ ಹಲಗೆಯ ಮೇಲೆ ರೆಕ್ಕೆ ಹರಡಿ. ಎರಡು ಮೂರು ದಿನಕ್ಕಿಂತ ಜಾಸ್ತಿ ಡಬ್ಬಿಯಲ್ಲಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ರೆಕ್ಕೆಯನ್ನು ಬೆರಳಲ್ಲಿ ಮುಟ್ಟಬೇಡಿ, ಕಾಗದದ ಪಟ್ಟಿ ಇಟ್ಟು ಪಿನ್ನಿಂದ ಹಿಡಿಸಿ. ಮೀಸೆಗಳನ್ನು ಎರಡು ಪಿನ್ನಿನ ಆಸರೆಯಲ್ಲಿ ಮುಂದಕ್ಕೆ ಚಾಚಿ ಒಣಗಲು ಬಿಡಿ.

ಹೀಗೆ ರೆಕ್ಕೆ ಹರಡಿ ಪಿನ್ ಮಾಡಿದ ಮೇಲೆ ಅದು ಹೇಗೆ ಕೂತಿತ್ತು ಅನ್ನುವ ಸಾಕ್ಷಿ ಹೊರಟುಹೋಗುತ್ತದೆ. ಆದ್ದರಿಂದ ಚೀಟಿಯಲ್ಲಿ ಊರು, ತಾರೀಕು, ನಿಮ್ಮ ಹೆಸರಿನ ಜೊತೆಗೆ "ರಾತ್ರಿ ದೀಪಕ್ಕೆ ಬಂದದ್ದು, ಗೋಡೆ ಮೇಲೆ ರೆಕ್ಕೆ ಮುಚ್ಚಿ ಕೂತಿತ್ತು, ನಾಲ್ಕು ಕಾಲಿನ ಮೇಲೆ" ಅಂತ ಬರೆಯಿರಿ. ಮೀಸೆ ಮುರಿದು ಬಿದ್ದರೆ ಬಿಸಾಡಬೇಡಿ. ಒಂದು ಸಣ್ಣ ಕಾಗದದಲ್ಲಿ ಮಡಚಿ ಅದೇ ಪಿನ್ನಿಗೆ, ಚೀಟಿಯ ಕೆಳಗೆ ಚುಚ್ಚಿಡಿ. ಬೇರೆ ಹುಳದ ಮೀಸೆ ತಂದು ಅಂಟಿಸುವ ಹುಡುಗರನ್ನು ನೋಡಿದ್ದೇನೆ. ಪರೀಕ್ಷೆ ಮಾಡುವವರು ಮೊದಲು ಭೂತಗನ್ನಡಿ ಹಿಡಿಯುವುದೇ ಅಲ್ಲಿಗೆ.